ಕೇಸ್ ಶೀಟಿನಲ್ಲಿ ನಾನು ಓದದೆ ಬಿಟ್ಟ ಸಾಲು

ಪ್ರಶ್ನೆ: ನಿದ್ರೆ ಮಾತ್ರೆಯಿಂದ ಸೊಂಟದ ಮೂಳೆ ಮುರಿತ, ರಸ್ತೆ ಅಪಘಾತ ಎಷ್ಟು ಪಟ್ಟು ಹೆಚ್ಚುತ್ತವೆ ಎಂದು ಹೇಗೆ ಲೆಕ್ಕ ಹಾಕುತ್ತಾರೆ? ನಾನು ಫಾರ್ಮಕಾಲಜಿ ಎಂ.ಡಿ. ವಿದ್ಯಾರ್ಥಿ. ಆಸ್ಪತ್ರೆಯ ದಾಖಲೆಗಳನ್ನು ತೆಗೆದು, ಮಾತ್ರೆ ನುಂಗುವವರನ್ನೂ ನುಂಗದವರನ್ನೂ ಹೋಲಿಸಿ ಥೀಸಿಸ್ ಮಾಡಿದರೆ ಸಾಕೇ?

ಸಾಲದು. ಹನ್ನೆರಡು ವರ್ಷಗಳ ಹಿಂದೆ ನಾನೂ ಇದೇ ಕೆಲಸಕ್ಕೆ ಕೈಹಾಕಿದ್ದೆ. ಮೂಳೆ ವಿಭಾಗದಲ್ಲಿ ಸೊಂಟ ಮುರಿದುಕೊಂಡು ದಾಖಲಾದ ವೃದ್ಧರ ಕೇಸ್ ಶೀಟುಗಳು ಒಂದು ಕಡೆ, ಅದೇ ವಯಸ್ಸಿನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಬಂದವರ ಶೀಟುಗಳು ಇನ್ನೊಂದು ಕಡೆ. ದಾಖಲಾದ ದಿನದಿಂದ ಹಿಂದಕ್ಕೆ ಏಳು ದಿನ ಎಣಿಸಿ, ಆ ಅವಧಿಯಲ್ಲಿ ಆಲ್ಪ್ರಜೋಲಮ್ ಅಥವಾ ಜೋಲ್ಪಿಡೆಮ್ ಇತ್ತೇ ಎಂದು ನೋಡಿದೆ. ಮೂಳೆ ಮುರಿದವರಲ್ಲಿ ಮಾತ್ರೆ ನುಂಗಿದವರ ಪ್ರಮಾಣ ಎರಡು ಪಟ್ಟಿಗೂ ಹೆಚ್ಚಿತ್ತು. ವಿದೇಶದ ಪ್ರಬಂಧಗಳ ಅಂಕಿಗೂ ನನ್ನದಕ್ಕೂ ಹೊಂದಿಕೆಯಾಯಿತು ಎಂಬ ಸಂತೋಷದಲ್ಲಿ ಸಮ್ಮೇಳನಕ್ಕೆ ಸಾರಾಂಶವನ್ನೂ ಕಳುಹಿಸಿಬಿಟ್ಟೆ.

ಸಂಖ್ಯಾಶಾಸ್ತ್ರದ ಅಧ್ಯಾಪಕರೊಬ್ಬರು ಆ ಕೋಷ್ಟಕವನ್ನು ನೋಡಿ ಒಂದೇ ಒಂದು ಕೆಲಸ ಹೇಳಿದರು: ಪ್ರತಿಯೊಬ್ಬ ರೋಗಿಯೂ ಆಸ್ಪತ್ರೆಗೆ ಬರುವ ಎಷ್ಟು ದಿನ ಮೊದಲು ಮಾತ್ರೆ ಆರಂಭಿಸಿದರು ಎಂಬುದನ್ನು ನಕ್ಷೆಯಲ್ಲಿ ಬರೆದು ತನ್ನಿ. ಬರೆದೆ. ಚುಕ್ಕಿಗಳೆಲ್ಲ ಕೊನೆಯ ಮೂರು ದಿನಗಳಲ್ಲಿ ರಾಶಿ ಬಿದ್ದಿದ್ದವು. ಮಾತ್ರೆ ಹೊಸದಾಗಿದ್ದಾಗಲೇ ಜನ ಹೆಚ್ಚು ಬೀಳುತ್ತಾರೆ ಎಂದು ನಾನು ಉತ್ಸಾಹದಿಂದ ವಿವರಿಸಲು ಹೊರಟರೆ, ಅವರು ಕೇಸ್ ಶೀಟುಗಳ ಮೊದಲ ಪುಟವನ್ನು ಓದಿ ಬರುವಂತೆ ಹೇಳಿ ನನ್ನನ್ನು ಹಿಂದಕ್ಕೆ ಕಳುಹಿಸಿದರು.

ಆ ಪುಟದಲ್ಲಿದ್ದದ್ದು ಇಷ್ಟು. ಅಜ್ಜಿಯೊಬ್ಬರು ಸೋಮವಾರ ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ. ಮನೆಯವರು ಉಳುಕಿರಬೇಕೆಂದು ಎಣ್ಣೆ ಹಚ್ಚಿ ಮಲಗಿಸಿದ್ದಾರೆ. ನೋವಿನಿಂದ ಕಣ್ಣು ಮುಚ್ಚಲಾಗದ ಕಾರಣ ಮಂಗಳವಾರ ಊರಿನ ವೈದ್ಯರು ನಿದ್ರೆ ಮಾತ್ರೆ ಬರೆದುಕೊಟ್ಟಿದ್ದಾರೆ. ನಡೆಯಲು ಆಗದೇ ಇದ್ದಾಗ ಗುರುವಾರ ಆಸ್ಪತ್ರೆಗೆ ತಂದಿದ್ದಾರೆ. ಗುರುವಾರದಿಂದ ಹಿಂದಕ್ಕೆ ಎಣಿಸಿದ ನನ್ನ ಲೆಕ್ಕದಲ್ಲಿ ಮಂಗಳವಾರದ ಮಾತ್ರೆಯೇ ಮುರಿತಕ್ಕೆ ಕಾರಣವಾಗಿತ್ತು. ವಾಸ್ತವದಲ್ಲಿ ಮುರಿತವೇ ಮಾತ್ರೆಗೆ ಕಾರಣ. ಹಿಂದಕ್ಕೆ ಎಣಿಸಬೇಕಾದದ್ದು ಬಿದ್ದ ದಿನದಿಂದ, ದಾಖಲಾದ ದಿನದಿಂದ ಅಲ್ಲ. "ಮೂರು ದಿನದ ಹಿಂದೆ ಬಿದ್ದ ಇತಿಹಾಸ" ಎಂದು ಇಂಟರ್ನ್ ಒಬ್ಬರು ಸ್ಪಷ್ಟವಾಗಿಯೇ ಬರೆದಿದ್ದರು. ಕಂಪ್ಯೂಟರಿನಲ್ಲಿ ದಾಖಲಾತಿ ದಿನಾಂಕ ಅಚ್ಚುಕಟ್ಟಾಗಿ ಸಿಗುತ್ತಿದ್ದುದರಿಂದ ನಾನು ಕೈಬರಹದ ಆ ಸಾಲಿನತ್ತ ಕಣ್ಣು ಹಾಯಿಸಿರಲೇ ಇಲ್ಲ. ಬಿದ್ದ ದಿನಾಂಕ ಹಾಕಿ ಮತ್ತೆ ಲೆಕ್ಕ ಮಾಡಿದಾಗ ಎರಡು ಪಟ್ಟು ಎನ್ನುವುದು ಒಂದರ ಹತ್ತಿರಕ್ಕೆ ಕುಸಿಯಿತು. ಸಾರಾಂಶವನ್ನು ಹಿಂಪಡೆದೆ, ಪದವಿ ಆರು ತಿಂಗಳು ಮುಂದಕ್ಕೆ ಹೋಯಿತು.

ದಿನಾಂಕ ಸರಿಯಿದ್ದರೂ ನನ್ನ ಹೋಲಿಕೆ ನಿಲ್ಲುತ್ತಿರಲಿಲ್ಲ ಎಂಬುದು ಬೇರೆ ಮಾತು. ನಿದ್ರೆ ಬಾರದೆ ರಾತ್ರಿ ನಾಲ್ಕು ಸಲ ಎದ್ದು ಬಚ್ಚಲಿಗೆ ಹೋಗುವವರಿಗೇ ವೈದ್ಯರು ಮಾತ್ರೆ ಬರೆಯುತ್ತಾರೆ. ಅವರು ಮಾತ್ರೆಯಿಂದ ಬಿದ್ದರೋ, ಎದ್ದು ಓಡಾಡಿದ್ದರಿಂದ ಬಿದ್ದರೋ ಎಂಬುದನ್ನು ಇನ್ಯಾರದೋ ಜೊತೆ ಹೋಲಿಸಿ ಬಿಡಿಸಲಾಗದು.

ಅದಕ್ಕಾಗಿಯೇ ಈ ಕ್ಷೇತ್ರದವರು ಒಬ್ಬ ವ್ಯಕ್ತಿಯನ್ನು ಅವನೊಂದಿಗೇ ಹೋಲಿಸುವ ಕೇಸ್-ಕ್ರಾಸ್‌ಓವರ್ ವಿಧಾನವನ್ನು ಬಳಸುತ್ತಾರೆ. ಮಾಲ್ಕಮ್ ಮಕ್ಲೂರ್ 1991ರಲ್ಲಿ ಇದನ್ನು ಮುಂದಿಟ್ಟರು. ಊಹೆಯ ಲೆಕ್ಕವೊಂದನ್ನು ನೋಡಿ: ಸೊಂಟ ಮುರಿದ ಸಾವಿರ ಜನರಲ್ಲಿ, ಬೀಳುವ ಮೊದಲಿನ ಎರಡು ವಾರ ಮಾತ್ರೆ ಇದ್ದು, ಎರಡು ತಿಂಗಳ ಹಿಂದಿನ ಎರಡು ವಾರ ಇರದವರು 30 ಮಂದಿ, ಅದಕ್ಕೆ ತದ್ವಿರುದ್ಧವಾದವರು 20 ಮಂದಿ. ಎರಡೂ ಅವಧಿಯಲ್ಲಿ ನುಂಗಿದವರು, ಎರಡರಲ್ಲೂ ನುಂಗದವರು ಲೆಕ್ಕಕ್ಕೆ ಏನನ್ನೂ ಸೇರಿಸುವುದಿಲ್ಲ. ಅಪಾಯದ ಅಂದಾಜು 30 ಭಾಗಿಸು 20, ಅಂದರೆ 1.5. ಮೂಳೆ ಸವೆತ, ಮಂದದೃಷ್ಟಿಯಂಥವು ಎರಡೂ ಅವಧಿಯಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ತಾವಾಗಿಯೇ ಕಳೆದುಹೋಗುತ್ತವೆ. ಆದರೆ ಆ ಮೂವತ್ತರಲ್ಲಿ ಎಂಟು ಮಂದಿ ನನ್ನ ಅಜ್ಜಿಯಂತೆ ಬಿದ್ದ ಮೇಲೆ ಮಾತ್ರೆ ಪಡೆದವರಾಗಿದ್ದರೆ? ಉಳಿಯುವುದು 22 ಭಾಗಿಸು 20, ಅಂದರೆ 1.1. ಲೆಕ್ಕ ನಿಂತಿರುವುದೇ ಬೆರಳೆಣಿಕೆಯ ಜನರ ಮೇಲೆ. ದಿನಾಂಕದ ತಪ್ಪು ಇಲ್ಲಿ ಮುಚ್ಚಿಹೋಗುವುದಿಲ್ಲ.

ರಸ್ತೆ ಅಪಘಾತಕ್ಕೆ ಈ ವಿಧಾನ ಚೆನ್ನಾಗಿ ಒಗ್ಗುವುದಕ್ಕೂ ಇದೇ ಕಾರಣ: ಪೊಲೀಸರು ದಿನಾಂಕವನ್ನಷ್ಟೇ ಅಲ್ಲ, ಗಂಟೆಯನ್ನೂ ಬರೆದುಕೊಳ್ಳುತ್ತಾರೆ. 1998ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಟೇಸೈಡ್ ಅಧ್ಯಯನವು ಮೊದಲ ಅಪಘಾತಕ್ಕೆ ಸಿಲುಕಿದ 19,386 ಚಾಲಕರ ಪೊಲೀಸ್ ದಾಖಲೆಯನ್ನು ಔಷಧ ವಿತರಣೆಯ ದಾಖಲೆಯೊಂದಿಗೆ ಜೋಡಿಸಿ, ಅಪಘಾತದ ದಿನವನ್ನು ಹಿಂದಿನ ವಾರಗಳ ಅದೇ ವಾರದ ದಿನದೊಂದಿಗೆ ಹೋಲಿಸಿತು. ಆಲ್ಪ್ರಜೋಲಮ್ ಸೇರಿರುವ ಬೆಂಜೋಡಯಜಪೀನ್ ಗುಂಪಿಗೆ 1.62, ಜೋಲ್ಪಿಡೆಮ್‌ನಂಥದೇ ನಿದ್ರೆ ಮಾತ್ರೆಯಾದ ಜೋಪಿಕ್ಲೋನ್‌ಗೆ 4 ಎಂಬ ಅಂಕಿ ಬಂತು. ಜೋಪಿಕ್ಲೋನ್‌ನ ನಾಲ್ಕನ್ನು ಎತ್ತಿ ಹೇಳುವವರು ಅದರ ಅನಿಶ್ಚಿತತೆಯ ವ್ಯಾಪ್ತಿ 1.3ರಿಂದ 12.2ರವರೆಗೆ ಇತ್ತೆಂಬುದನ್ನು ನುಂಗಿಬಿಡುತ್ತಾರೆ. ಅಲ್ಲದೆ, ಅಂಗಡಿಯಲ್ಲಿ ಕೊಂಡ ದಿನ ದಾಖಲಾಗುತ್ತದೆಯೇ ಹೊರತು ಬಾಯಿಗೆ ಹಾಕಿಕೊಂಡ ರಾತ್ರಿ ದಾಖಲಾಗುವುದಿಲ್ಲ.

ಸೊಂಟದ ಮುರಿತಕ್ಕೆ ಇದೇ ವಿಧಾನವನ್ನು ಅಮೆರಿಕದ ನರ್ಸಿಂಗ್ ಹೋಮ್‌ಗಳ ಸುಮಾರು 15,500 ವೃದ್ಧರ ಮೇಲೆ ಬಳಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜೋಲ್ಪಿಡೆಮ್‌ನಂಥ ಮಾತ್ರೆಗಳಿಗೆ 1.66, ಹೊಸದಾಗಿ ಆರಂಭಿಸಿದವರಲ್ಲಿ 2.2 ಬಂತು. ಬದಲಾಗದ ದೌರ್ಬಲ್ಯಗಳನ್ನು ಈ ವಿಧಾನ ಕಳೆಯುತ್ತದೆ, ನಿಜ. ಈ ತಿಂಗಳಷ್ಟೇ ಬಂದ ಜ್ವರ, ಗೊಂದಲ, ನಿದ್ರಾಹೀನತೆಗಳನ್ನು ಕಳೆಯಲಾರದು, ಮತ್ತು ಮಾತ್ರೆ ಆರಂಭವಾಗುವುದು ಸಾಮಾನ್ಯವಾಗಿ ಅಂಥ ತಿಂಗಳಲ್ಲಿಯೇ.

ಆದ್ದರಿಂದ "ಎಷ್ಟು ಪಟ್ಟು" ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನ್ಯೂಯಾರ್ಕ್ ರಾಜ್ಯವು 1989ರಲ್ಲಿ ಬೆಂಜೋಡಯಜಪೀನ್ ಬರೆಯಲು ಮೂರು ಪ್ರತಿಯ ವಿಶೇಷ ಚೀಟಿಯನ್ನು ಕಡ್ಡಾಯ ಮಾಡಿದಾಗ ಬಡವರ ಸರ್ಕಾರಿ ವಿಮೆಯಲ್ಲಿದ್ದವರ ಬಳಕೆ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಪಕ್ಕದ ನ್ಯೂಜೆರ್ಸಿಯೊಂದಿಗೆ ಹೋಲಿಸಿದಾಗ ಸೊಂಟದ ಮುರಿತವು ಇಳಿದದ್ದು ಕಾಣಲಿಲ್ಲ. ಮುರಿತಗಳಿಗೆಲ್ಲ ಮಾತ್ರೆಯೇ ಹೊಣೆಯಾಗಿದ್ದರೆ ಹೀಗಾಗಬಾರದಿತ್ತು. ರಸ್ತೆಯ ವಿಷಯದಲ್ಲಿ ನನಗೆ ಹೆಚ್ಚು ನಂಬಿಕೆಯಿರುವುದಕ್ಕೆ ಕಾರಣ, ಅಲ್ಲಿ ಪ್ರಯೋಗವೂ ಇದೆ: ನೆದರ್ಲೆಂಡ್ಸ್‌ನಲ್ಲಿ ಹಿಂದಿನ ರಾತ್ರಿ ಮಾತ್ರೆ ಕೊಟ್ಟು, ಮರುದಿನ ಹೆದ್ದಾರಿಯಲ್ಲಿ ಕಾರು ಓಡಿಸಿ, ಅದು ಎಷ್ಟು ಸೆಂಟಿಮೀಟರ್ ಅಡ್ಡಾಡುತ್ತದೆ ಎಂದು ಅಳೆಯುತ್ತಾರೆ. ಯಾರನ್ನೂ ಬಚ್ಚಲಲ್ಲಿ ಬೀಳಿಸಿ ನೋಡಲು ಬರುವುದಿಲ್ಲವಲ್ಲ.

ನಮ್ಮಲ್ಲಿ ಜೋಲ್ಪಿಡೆಮ್, ಆಲ್ಪ್ರಜೋಲಮ್ ಮಾರಿದ ಅಂಗಡಿಯವರು ಎಚ್1 ರಿಜಿಸ್ಟರಿನಲ್ಲಿ ರೋಗಿಯ ಹೆಸರು ಬರೆದು ಮೂರು ವರ್ಷ ಇಡಬೇಕು, ಆದರೆ ಆ ಪುಸ್ತಕಕ್ಕೂ ನಿಮ್ಮ ವಾರ್ಡಿಗೂ ಕೊಂಡಿಯಿಲ್ಲ. ಹಳೆಯ ದಾಖಲೆಗಳನ್ನು ಬಿಟ್ಟುಬಿಡಿ. ಹೊಸದಾಗಿ ದಾಖಲಾಗುವವರ ಹಾಸಿಗೆಯ ಪಕ್ಕದಲ್ಲಿ ಕುಳಿತು, ಮನೆಯಿಂದ ಮಾತ್ರೆಯ ಸ್ಟ್ರಿಪ್ ತರಿಸಿ, ಚೀಟಿಯ ದಿನಾಂಕ ನೋಡಿ ಬರೆದುಕೊಳ್ಳಿ. ಬರಿಯ ನೆನಪನ್ನು ನಂಬಿದರೆ ಬಿದ್ದ ವಾರ ಚೆನ್ನಾಗಿ ನೆನಪಿದ್ದು ಎರಡು ತಿಂಗಳ ಹಿಂದಿನದು ಮರೆತಿರುತ್ತದೆ, ಅಪಾಯ ಸುಳ್ಳೇ ದೊಡ್ಡದಾಗುತ್ತದೆ. ನಾನು ಎರಡನೇ ಸಲ ಮಾಡಿಕೊಂಡ ನಮೂನೆಯಲ್ಲಿ ಮೊದಲ ಕಾಲಂ ಬಿದ್ದ ದಿನ ಮತ್ತು ಹೊತ್ತು, ಎರಡನೆಯದು ಅದನ್ನು ಹೇಳಿದವರು ಯಾರು, ಮೂರನೆಯದು ಆ ಹೊತ್ತಿಗೆ ಮಾತ್ರೆ ಮನೆಯಲ್ಲಿ ಇತ್ತೇ ಎಂಬುದು. ದಾಖಲಾದ ದಿನಾಂಕಕ್ಕೆ ಕಾಲಂ ಇಟ್ಟಿರಲೇ ಇಲ್ಲ.