ಹಳೆ ಸೈಕಲ್ ರಿಪೇರಿ ವ್ಯಾಪಾರ: ಕೈಗೆ ಎಷ್ಟು ಉಳಿಯುತ್ತದೆ?

"ಹುಬ್ಬಳ್ಳಿಯಲ್ಲಿದ್ದೇನೆ. ಪಾನಾ ಹಿಡಿಯೋದು ಗೊತ್ತು. ಹಳೆ ಸೈಕಲ್ ಕೊಂಡು ರಿಪೇರಿ ಮಾಡಿ ಮಾರಿದರೆ ಕೈಗೆ ಏನಾದರೂ ಉಳಿಯುತ್ತಾ?"

ಉಳಿಯುತ್ತದೆ, ಆದರೆ ಕೊಳ್ಳುವಾಗಲೇ ಉಳಿಸಿಕೊಳ್ಳಬೇಕು. ನಾನು ಧಾರವಾಡದಲ್ಲಿ ಬಿಡುವಿನ ವೇಳೆ ಇದನ್ನೇ ಮಾಡುತ್ತೇನೆ. ಗೇರ್ ಇಲ್ಲದ 26 ಇಂಚಿನ ಸೈಕಲ್ ಬಿಟ್ಟರೆ ಬೇರೆ ಮುಟ್ಟುವುದು ಕಡಿಮೆ.

ಮೊದಲು ಫ್ರೇಮ್ ನೋಡಿ. ಹ್ಯಾಂಡಲ್ ಕೆಳಗಿನ ಜೋಡಣೆಯ ಹಿಂದೆ, ಕೆಳಗಿನ ಕೊಳವೆಯ ಅಡಿಯಲ್ಲಿ ಬೆರಳಾಡಿಸಿ. ಅಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ ಸೈಕಲ್ ಎದುರಿಗೆ ಎಲ್ಲೋ ಗುದ್ದಿದೆ ಎಂದರ್ಥ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಟಯರ್ ಸವೆದಿದ್ದರೆ, ಬ್ರೇಕ್ ಕೆಟ್ಟಿದ್ದರೆ ಚಿಂತೆಯಿಲ್ಲ, ಅದನ್ನು ತೋರಿಸಿಯೇ ಬೆಲೆ ಇಳಿಸಬಹುದು.

ನಾನು ಕೈ ಸುಟ್ಟುಕೊಂಡಿದ್ದು ಚೈನ್ ವಿಷಯದಲ್ಲಿ. ಮೊದಲ ಸೈಕಲ್‌ಗೆ ಹೊಸ ಚೈನ್ ಹಾಕಿ, ಹಿಂದಿನ ಗಾಲಿಯ ಹಳೆ ಫ್ರೀವೀಲ್ ಹಾಗೇ ಬಿಟ್ಟು ಮಾರಿದ್ದೆ. ನಾಲ್ಕನೇ ದಿನ ಹುಡುಗ ವಾಪಸ್ ಬಂದ: "ಅಣ್ಣಾ, ಏರಿನ್ಯಾಗ ಪೆಡಲ್ ಒಮ್ಮೆಲೇ ಜಾರತೈತ್ರಿ." ನಮ್ಮ ಧಾರವಾಡದಲ್ಲಿ ಏರಿಗೇನು ಬರ! ಸವೆದ ಹಲ್ಲಿನ ಮೇಲೆ ಹೊಸ ಚೈನ್ ಕೂರುವುದಿಲ್ಲ. ಸಮತಟ್ಟಿನಲ್ಲಿ ಗೊತ್ತಾಗದಿದ್ದರೂ, ಕಾಲಿನ ಭಾರ ಬಿದ್ದ ಕೂಡಲೇ ಅದು ಹಲ್ಲು ಹಾರುತ್ತದೆ. ಈಗ ಸ್ಟೀಲ್ ಪಟ್ಟಿ ಇಟ್ಟು ಅಳೆಯುತ್ತೇನೆ. ಒಂದು ಪಿನ್ನಿನಿಂದ ಇನ್ನೊಂದಕ್ಕೆ ಅರ್ಧ ಇಂಚು ಇರಬೇಕು, ಅಂದರೆ 24 ಕೊಂಡಿಗೆ ಸರಿಯಾಗಿ 12 ಇಂಚು. ಅದು ಹನ್ನೆರಡು ದಾಟಿ ಒಂದು ದೋರೆಯಷ್ಟು, ಅಂದರೆ ಇಂಚಿನ ಎಂಟನೇ ಒಂದು ಭಾಗದಷ್ಟು ಜಾಸ್ತಿ ಬಂದರೆ ಚೈನ್ ಮತ್ತು ಫ್ರೀವೀಲ್ ಎರಡನ್ನೂ ಬದಲಿಸುವ ಖರ್ಚು ಹಿಡಿದೇ ಬೆಲೆ ಹೇಳುತ್ತೇನೆ. ಪೆಡಲ್ ಹತ್ತಿರದ ಹಲ್ಲುಚಕ್ರದ ಹಲ್ಲು ಶಾರ್ಕಿನ ಹಲ್ಲಿನಂತೆ ಒಂದೇ ಕಡೆ ಬಾಗಿದ್ದರೆ ಅದೂ ಹೋಗಿದೆ. ಆಗ ಸಾಮಾನ್ಯವಾಗಿ ನಾನು ಎದ್ದು ಬರುತ್ತೇನೆ.

ಹೋದ ಮೇ ತಿಂಗಳ ಒಂದು ಲೆಕ್ಕ ಹೇಳುತ್ತೇನೆ. ಟೆರೇಸ್ ಮೇಲೆ ಎರಡು ಮಳೆಗಾಲ ನೆನೆದ ಸೈಕಲ್, 800 ರೂಪಾಯಿಗೆ ತಂದೆ. ಚೈನ್ ಮತ್ತು ಫ್ರೀವೀಲ್ 340, ಒಂದು ಟಯರ್ 320, ಎರಡು ಟ್ಯೂಬ್ 240, ಬ್ರೇಕ್ ಶೂ ಮತ್ತು ಕೇಬಲ್ 150, ಬಾಲ್ಸ್ ಮತ್ತು ಗ್ರೀಸ್ 50. ಎಲ್ಲ ಸೇರಿ 1,900 ಆಯಿತು. 2,700ಕ್ಕೆ ಹೋಯಿತು. ಉಳಿದ 800ಕ್ಕೆ ಒಂದೂವರೆ ದಿನ ದುಡಿದಿದ್ದೆ. ಅರ್ಧ ದಿನ ತುಕ್ಕು ಹಿಡಿದು ಕೂತಿದ್ದ ಸೀಟಿನ ಕೊಳವೆಗೇ ಹೋಯಿತು. ಸುತ್ತಿಗೆ ತಗೊಂಡಿದ್ದರೆ ಫ್ರೇಮೇ ಹಾಳಾಗುತ್ತಿತ್ತು. ರಾತ್ರಿಯಿಡೀ ಡೀಸೆಲ್ ಬಿಟ್ಟು, ಬೆಳಿಗ್ಗೆ ಸೀಟು ಹಿಡಿದು ಸುಮ್ನೆ ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಬಿಡಿಸಿದೆ.

ನನಗೆ ವ್ಯಾಪಾರ ಆಗುವುದು ಶಾಲೆ ತೆರೆಯುವ ಮೇ ಕೊನೆ, ಜೂನ್‌ನಲ್ಲಿ. ಉಳಿದ ತಿಂಗಳು ಒಂದೋ ಎರಡೋ ಹೋದರೆ ಹೆಚ್ಚು. ಹಾಗಾಗಿ ಇದನ್ನೇ ನಂಬಿ ಕೆಲಸ ಬಿಡಬೇಡಿ.

ಗುರುತಿಲ್ಲದವರು ತೀರಾ ಕಡಿಮೆಗೆ ಕೊಡಲು ಬಂದರೆ ಕಳವಿನ ಮಾಲು ಇರಬಹುದು. ಪೆಡಲ್ ಜೋಡಣೆಯ ಅಡಿಯಲ್ಲಿ ಸಾಮಾನ್ಯವಾಗಿ ಫ್ರೇಮ್ ನಂಬರ್ ಇರುತ್ತದೆ. ಅದನ್ನು ಉಜ್ಜಿ ಅಳಿಸಿದ್ದರೆ ಕೊಳ್ಳಲೇಬೇಡಿ. ಇದ್ದರೆ ಆ ನಂಬರ್ ಬರೆದ ಚೀಟಿಗೆ ಮಾರುವವರ ಸಹಿ ಹಾಕಿಸಿ, ಗುರುತಿನ ಚೀಟಿಯ ಜೆರಾಕ್ಸ್ ಇಟ್ಟುಕೊಳ್ಳಿ.