ಸರಬರಾಜುದಾರರ ಸ್ಕೋರ್‌ಕಾರ್ಡ್: ತಡವಾದದ್ದು ಯಾವ ದಿನಾಂಕಕ್ಕೆ?

ಪ್ರಶ್ನೆ: ಗುಣಮಟ್ಟ, ಸಮಯಕ್ಕೆ ಪೂರೈಕೆ, ಸ್ಪಂದನೆ ಎಂದು ಸರಬರಾಜುದಾರರಿಗೆ ಪ್ರತಿ ತಿಂಗಳೂ ಅಂಕ ಕೊಡುತ್ತೇವೆ. ಆದರೆ ಪರಿಶೀಲನಾ ಸಭೆಯೆಲ್ಲ ಅಂಕ ಸರಿಯೋ ತಪ್ಪೋ ಎಂಬ ಜಗಳದಲ್ಲೇ ಮುಗಿಯುತ್ತದೆ. ಏನು ಮಾಡಬೇಕು?

ಉತ್ತರ: ನಾನು ಖರೀದಿ ವಿಭಾಗದಲ್ಲಿ ಕಂಡಂತೆ, ಈ ಜಗಳ ಹೆಚ್ಚಾಗಿ ಹುಟ್ಟುವುದು ಪೂರೈಕೆಯ ಅಂಕದಿಂದ. ಗುಣಮಟ್ಟದಲ್ಲಿ ತಿರಸ್ಕರಿಸಿದ ವಸ್ತು ಕಣ್ಣೆದುರಿಗೇ ಇರುತ್ತದೆ. ‘ತಡ’ ಎಂಬುದು ಮಾತ್ರ ಯಾವ ದಿನಾಂಕಕ್ಕೆ ಹೋಲಿಸುತ್ತೀರಿ ಎಂಬುದರ ಮೇಲೆ ನಿಂತಿದೆ.

ಒಮ್ಮೆ ಯಂತ್ರಭಾಗಗಳ ಸರಬರಾಜುದಾರರೊಬ್ಬರು ಕಳುಹಿಸಿದ 20 ಲಾಟ್‌ಗಳಲ್ಲಿ 6 ತಡವೆಂದು ನಮ್ಮ ವ್ಯವಸ್ಥೆ ತೋರಿಸಿ, 70 ಅಂಕ ಕೊಟ್ಟಿತ್ತು. ಒಂದೊಂದೇ ಸಾಲನ್ನು ತೆರೆದು ನೋಡಿದಾಗ, 3 ಲಾಟ್‌ಗಳು ಶುಕ್ರವಾರ ಸಂಜೆಯೇ ಗೇಟಿನೊಳಗೆ ಬಂದಿದ್ದರೂ ನಮ್ಮ ಸ್ಟೋರಿನವರು ಸ್ವೀಕೃತಿಯನ್ನು ಸೋಮವಾರ ದಾಖಲಿಸಿದ್ದರು. ಇನ್ನೆರಡರ ದಿನಾಂಕವನ್ನು, ಒಪ್ಪಿದ ಲೀಡ್ ಟೈಮ್‌ಗಿಂತ ಕಡಿಮೆ ಸಮಯ ಉಳಿದಿರುವಾಗ, ನಾವೇ ಇನ್ನೂ ಮುಂಚಿನ ದಿನಕ್ಕೆ ಎಳೆದಿದ್ದೆವು. ನಿಜವಾಗಿ ತಡವಾದದ್ದು ಒಂದೇ, ಅಂದರೆ ಅಂಕ 95. ಆದ್ದರಿಂದ ಹೋಲಿಸಬೇಕಾದದ್ದು ಅವರು ಲಿಖಿತವಾಗಿ ಒಪ್ಪಿದ ದಿನಾಂಕ ಮತ್ತು ಗೇಟ್ ಎಂಟ್ರಿಯ ದಿನಾಂಕ ಎಂದು ನಿಯಮ ಬರೆದುಕೊಳ್ಳಿ. ಎಷ್ಟು ದಿನ ಮುಂಚೆ ಬಂದರೆ ಮತ್ತು ಪ್ರಮಾಣ ಎಷ್ಟು ಕಡಿಮೆ ಬಂದರೆ ತಪ್ಪೆಂದು ಎಣಿಸುವಿರಿ ಎಂಬುದೂ ಅದರಲ್ಲೇ ಇರಲಿ. ಸರಬರಾಜುದಾರರು ಸುಮ್ಮನೆ ದೂರದ ದಿನಾಂಕವನ್ನೇ ಒಪ್ಪತೊಡಗಿದರೆ ಈ ಅಂಕ ಪೊಳ್ಳಾಗುತ್ತದೆ. ಹಾಗಾಗಿ ನೀವು ಕೇಳಿದ ದಿನಾಂಕಕ್ಕೂ ಅವರು ಒಪ್ಪಿದ ದಿನಾಂಕಕ್ಕೂ ಇರುವ ಅಂತರವನ್ನು ಅಂಕವಿಲ್ಲದೆ ಪಕ್ಕದಲ್ಲಿ ತೋರಿಸಿ.

ಅದೇ ಸರಬರಾಜುದಾರರ ನಿಜವಾದ ತೊಂದರೆ ಬೇರೆಡೆ ಇತ್ತು. ಗುಣಮಟ್ಟ 98, ಪೂರೈಕೆ 95, ಸ್ಪಂದನೆ 40. ಕ್ರಮವಾಗಿ 40, 40, 20ರ ತೂಕದಲ್ಲಿ ಒಟ್ಟು 85.2 ಬರುತ್ತದೆ, ‘ಉತ್ತಮ’ ಎಂದು ಹಸಿರು ಬಣ್ಣವೂ ಬೀಳುತ್ತದೆ. ಆದರೆ 5 ದೂರುಗಳಲ್ಲಿ ಎರಡಕ್ಕೆ ಮಾತ್ರ, ದೋಷದ ವಸ್ತುವನ್ನು ಬೇರ್ಪಡಿಸಿದ ಮಾಹಿತಿ 24 ಗಂಟೆಯೊಳಗೆ ಬಂದಿತ್ತು. ಒಟ್ಟು ಅಂಕ ಇದನ್ನು ಮುಚ್ಚಿಹಾಕುತ್ತದೆ, ಆದ್ದರಿಂದ ಯಾವುದೇ ಒಂದು ವಿಭಾಗ ಕನಿಷ್ಠ ಮಿತಿಗಿಂತ ಕೆಳಗಿದ್ದರೆ ಒಟ್ಟು ಶ್ರೇಣಿಯೂ ಇಳಿಯಬೇಕು. ಸ್ಪಂದನೆಗೆ ‘ಸಹಕಾರ ಚೆನ್ನಾಗಿದೆ’ ಎಂಬಂಥ ಅನಿಸಿಕೆಯ ಅಂಕವನ್ನಂತೂ ಕೊಡಲೇಬೇಡಿ, ಗಂಟೆ ಎಣಿಸಿ.

ಸಭೆಗೆ ಒಂದು ವಾರ ಮೊದಲು ಅಂಕವನ್ನಷ್ಟೇ ಅಲ್ಲ, ಲಾಟ್‌ವಾರು ಸಾಲುಗಳನ್ನೂ ಕಳುಹಿಸಿ, ಆಕ್ಷೇಪಕ್ಕೆ ಮೂರು ದಿನ ಕೊಟ್ಟು, ತಿದ್ದಬೇಕಾದದ್ದನ್ನು ತಿದ್ದಿ ಅಂಕವನ್ನು ಅಂತಿಮಗೊಳಿಸಿಬಿಡಿ. ಸಭೆಯಲ್ಲಿ ಮೊದಲು ಹಿಂದಿನ ಸಲ ಒಪ್ಪಿದ ಕೆಲಸಗಳನ್ನು ನೋಡಿ, ಆಮೇಲೆ ಹೆಚ್ಚು ಅಂಕ ಕಳೆದ ಒಂದೆರಡು ಕಾರಣಗಳನ್ನಷ್ಟೇ ಎತ್ತಿಕೊಳ್ಳಿ. ನಮ್ಮ ಆ ಸಭೆಯಲ್ಲಿ ಹೊರಬಿದ್ದದ್ದು ಸರಳ ಸಂಗತಿ: ದೂರುಗಳೆಲ್ಲ ಅವರ ಮಾರಾಟ ವಿಭಾಗದ ಒಬ್ಬರ ಇಮೇಲಿಗೆ ಹೋಗುತ್ತಿದ್ದವು, ಗುಣಮಟ್ಟ ವಿಭಾಗಕ್ಕೆ ತಲುಪುವಷ್ಟರಲ್ಲಿ ಎರಡು ದಿನ ಕಳೆದಿರುತ್ತಿತ್ತು. ದೂರು ನೇರವಾಗಿ ಗುಣಮಟ್ಟದವರಿಗೆ ಹೋಗಬೇಕೆಂದು ಒಪ್ಪಿ, ಹೊಣೆ ಹೊರುವವರ ಹೆಸರು ಮತ್ತು ದಿನಾಂಕ ಬರೆದೆವು. ಮುಂದಿನ ಮೂರು ದೂರುಗಳಿಗೆ ಸಮಯಕ್ಕೆ ಉತ್ತರ ಬಂದ ಮೇಲೆಯೇ ಆ ಸಾಲಿಗೆ ‘ಮುಗಿದಿದೆ’ ಎಂದು ಗುರುತು ಹಾಕಿದೆವು.