ವಜ್ರವೋ, ಅನ್ಯಾಯವೋ, ಸಂಬಳ ಸಿಗದ ಸೈನಿಕನೋ?

*ಮಾನ್ಯ ಸಂಪಾದಕರೇ, ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನಿನ ಅಂತರ್ಯುದ್ಧ ವಜ್ರದ ದುರಾಸೆಯಿಂದಲೇ ಹುಟ್ಟಿತೆಂದು ಎಲ್ಲೆಡೆ ಓದುತ್ತೇವೆ. ದಂಗೆ ಏಳುವವರು ಅನ್ಯಾಯ ಉಂಡವರಲ್ಲವೇ? ಹಾಗಿದ್ದರೆ 1956ರಿಂದ ಕೊರಗು ಹೊತ್ತುಕೊಂಡೇ ಬಂದ ನಮ್ಮ ಕಾಸರಗೋಡಿನಲ್ಲಿ ಯಾರೂ ಯಾಕೆ ಬಂದೂಕು ಹಿಡಿಯಲಿಲ್ಲ? — ಓರ್ವ ಓದುಗ, ಬದಿಯಡ್ಕ*

ಮಾನ್ಯರೇ,

ದುರಾಸೆಯ ವಾದಕ್ಕೆ ಬಲ ತಂದವರು ಅರ್ಥಶಾಸ್ತ್ರಜ್ಞರಾದ ಪಾಲ್ ಕಾಲಿಯರ್ ಮತ್ತು ಆಂಕೆ ಹೋಫ್ಲರ್. ಅನ್ಯಾಯ ಎಲ್ಲ ದೇಶಗಳಲ್ಲೂ ಇದೆ, ಯುದ್ಧ ಮಾತ್ರ ಅಪರೂಪ. ಆದ್ದರಿಂದ ದಂಗೆಗೆ ದುಡ್ಡು ಎಲ್ಲಿಂದ, ಆಳು ಎಲ್ಲಿಂದ ಎಂದು ಕೇಳಬೇಕು ಎನ್ನುವುದು ಅವರ ನಿಲುವು. 1960ರಿಂದ 1999ರವರೆಗಿನ ಯುದ್ಧಗಳನ್ನು ಲೆಕ್ಕ ಹಾಕಿದಾಗ, ಕಚ್ಚಾ ಸರಕಿನ ರಫ್ತು ದೇಶದ ಉತ್ಪನ್ನದ ಮೂರನೇ ಒಂದು ಭಾಗದಷ್ಟಿದ್ದಲ್ಲಿ ಅಪಾಯ ತುತ್ತತುದಿಯಲ್ಲಿತ್ತು. ತಲಾ ಆದಾಯ ಕಡಿಮೆ ಇದ್ದಲ್ಲೂ ಅಪಾಯ ಹೆಚ್ಚು. ಕೆಲಸವಿಲ್ಲದ ಹುಡುಗ ಬಂಡುಕೋರರ ಜೊತೆ ಹೋದರೆ ಕಳೆದುಕೊಳ್ಳುವುದೇನೂ ಇಲ್ಲ ಎಂದು ಅವರು ಇದಕ್ಕೆ ಕಾರಣ ಕೊಟ್ಟರು.

2003ರಲ್ಲಿ ರಾಜ್ಯಶಾಸ್ತ್ರಜ್ಞರಾದ ಜೇಮ್ಸ್ ಫಿಯರನ್ ಮತ್ತು ಡೇವಿಡ್ ಲೇಟಿನ್ 1945ರಿಂದ 1999ರವರೆಗಿನ 127 ಅಂತರ್ಯುದ್ಧಗಳನ್ನು ಪರಿಶೀಲಿಸಿದರು. ಅವರಿಗೂ ಬಡತನವೇ ಎದ್ದು ಕಂಡಿತು. ಆದರೆ ಅವರು ಅದನ್ನು ಓದಿದ ರೀತಿ ಬೇರೆ. ತಲಾ ಆದಾಯ ತಗ್ಗಿದ ದೇಶದಲ್ಲಿ ಪೊಲೀಸರು ಕಡಿಮೆ, ಒಳನಾಡಿಗೆ ರಸ್ತೆ ಇಲ್ಲ, ಯಾವ ಹಳ್ಳಿಯಲ್ಲಿ ಯಾರಿದ್ದಾರೆಂಬ ಸುದ್ದಿ ಸರಕಾರಕ್ಕೆ ತಲುಪುವುದಿಲ್ಲ. ಅಲ್ಲಿ ಕೆಲವೇ ನೂರು ಬಂದೂಕುಗಳ ಗುಂಪೂ ವರ್ಷಗಟ್ಟಲೆ ಬದುಕಿಕೊಳ್ಳುತ್ತದೆ. ಅಂಕಿ ಒಂದೇ, ಅರ್ಥ ಎರಡು. ಯಾವುದು ಸರಿ ಎಂದು ಅಂಕಿಯೇ ಹೇಳಲಾರದು. ಒಂದು ದೇಶದ ಒಳಗೆ ಹೋಗಿ ಯಾವುದು ಮೊದಲು, ಯಾವುದು ನಂತರ ಎಂದು ನೋಡಬೇಕು.

ನೀವು ಹೆಸರಿಸಿದ ಸಿಯೆರಾ ಲಿಯೋನನ್ನೇ ನೋಡೋಣ. ಆರ್‌ಯುಎಫ್ ಎಂಬ ಸಂಘಟನೆಯ ಬಂಡುಕೋರರು 1991ರ ಮಾರ್ಚ್ 23ರಂದು ನೆರೆಯ ಲೈಬೀರಿಯಾದ ಕಡೆಯಿಂದ ಕೈಲಾಹುನ್ ಜಿಲ್ಲೆಗೆ ನುಗ್ಗಿದರು. ನಾಯಕ ಫೋಡೆ ಸಂಕೋ, ಹಿಂದೆ ಸೈನ್ಯದಲ್ಲಿ ಕಾರ್ಪೊರಲ್ ಆಗಿದ್ದವನು. ಬೆನ್ನಿಗೆ ನಿಂತವನು ಲೈಬೀರಿಯಾದ ಬಂಡುಕೋರ ನಾಯಕ ಚಾರ್ಲ್ಸ್ ಟೇಲರ್. ವಜ್ರದ ಮುಖ್ಯ ಸೀಮೆಯಾದ ಕೋನೋ ಅವರ ಕೈಗೆ ಸಿಕ್ಕಿದ್ದು 1992ರ ಕೊನೆಯ ಹೊತ್ತಿಗೆ. ಅಂದರೆ ಯುದ್ಧ ಶುರುವಾದ ಮೇಲೆ ವಜ್ರ ಬಂತು. ಯುದ್ಧ 2002ರವರೆಗೆ ಎಳೆದದ್ದಕ್ಕೆ ವಜ್ರ ಒಳ್ಳೆಯ ವಿವರಣೆ, ಶುರುವಾದದ್ದಕ್ಕೆ ಸಾಲದು.

ಹಾಗೆಂದು ವಜ್ರವನ್ನು ಬದಿಗೆ ಸರಿಸುವಂತಿಲ್ಲ, ಏಕೆಂದರೆ ಪ್ರಭುತ್ವವನ್ನು ಒಳಗಿನಿಂದ ತಿಂದದ್ದೂ ಅದೇ. ಕೋನೋದ ವಜ್ರ ನದಿಯ ಜಲ್ಲಿಯಲ್ಲಿ ಸಿಗುತ್ತದೆ. ಹಾರೆ, ಬಕೆಟ್, ಜರಡಿ ಇದ್ದರೆ ಸಾಕು. ಹೊಂಡ ತೋಡಿ, ಜಲ್ಲಿ ಎತ್ತಿ, ನೀರಿನಲ್ಲಿ ಜರಡಿಯಾಡಿಸಿ ಹೆಕ್ಕುತ್ತಾರೆ. ಸಿಕ್ಕಿದ್ದನ್ನು ಜೇಬಿಗೆ ಹಾಕಿ ಗಡಿ ದಾಟಿಸಬಹುದು. ಬೋಟ್ಸ್ವಾನಾದ ವಜ್ರಕ್ಕಾದರೋ ಆಳವಾದ ಗಣಿ, ಭಾರೀ ಯಂತ್ರ, ಬೇಲಿ ಬೇಕು. ತೆರಿಗೆ ನೇರ ಖಜಾನೆಗೆ ಬರುತ್ತದೆ. ಅಲ್ಲಿ ಅಂತರ್ಯುದ್ಧ ಆಗಲಿಲ್ಲ. ಸಿಯೆರಾ ಲಿಯೋನಿನಲ್ಲಿ ಯುದ್ಧಕ್ಕೆ ಮೊದಲು ಅಧ್ಯಕ್ಷನಾಗಿದ್ದ ಸಿಯಾಕಾ ಸ್ಟೀವನ್ಸ್ ವಜ್ರದ ವ್ಯವಹಾರವನ್ನು ತನ್ನ ಆಪ್ತರಿಗೆ ಹಂಚಿದ. 1970ರಲ್ಲಿ ಸುಮಾರು 20 ಲಕ್ಷ ಕ್ಯಾರೆಟ್ ಇದ್ದ ಅಧಿಕೃತ ರಫ್ತು 1988ರಲ್ಲಿ 48,000ಕ್ಕೆ ಕುಸಿಯಿತು. ಉಳಿದದ್ದು ಹೆಚ್ಚಾಗಿ ಕಳ್ಳದಾರಿಯಲ್ಲಿ ಹೋಯಿತು. ರಫ್ತಿನ ಲೆಕ್ಕವನ್ನೇ ನಂಬಿ ಕೂತ ಸಂಶೋಧಕನಿಗೆ ಇದು ಕಾಣುವುದೇ ಇಲ್ಲ.

ಕ್ಷಿಪ್ರಕ್ರಾಂತಿಯ ಭಯದಿಂದ ಸ್ಟೀವನ್ಸ್ ಸೈನ್ಯವನ್ನೂ ಬೇಕೆಂದೇ ಸೊರಗಿಸಿ, ತನ್ನದೇ ನಿಷ್ಠರ ಪ್ರತ್ಯೇಕ ಪಡೆ ಕಟ್ಟಿಕೊಂಡ. ಒಳನಾಡಿಗೆ ಹೋಗುತ್ತಿದ್ದ ರೈಲುಮಾರ್ಗವನ್ನು ಮುಚ್ಚಿಸಿದ. ಅದರ ಫಲ 1991ರಲ್ಲಿ ಕಂಡಿತು. ಗಡಿಗೆ ಕಳಿಸಿದ ಸೈನಿಕರಿಗೆ ಸಂಬಳವೂ ಸರಿಯಾಗಿ ಬರಲಿಲ್ಲ, ಸಾಮಗ್ರಿಯೂ ಬರಲಿಲ್ಲ. 1992ರ ಏಪ್ರಿಲ್‌ನಲ್ಲಿ ಅವರೇ ರಾಜಧಾನಿಗೆ ಬಂದು ಸರಕಾರವನ್ನು ಉರುಳಿಸಿದರು. ಮುಖ್ಯಸ್ಥ ವ್ಯಾಲೆಂಟೈನ್ ಸ್ಟ್ರಾಸರ್‌ಗೆ ಆಗ 25 ವರ್ಷ. ಹಗಲು ಸೈನಿಕ, ರಾತ್ರಿ ಬಂಡುಕೋರ ಆಗಿದ್ದವರನ್ನು ಜನ ‘ಸೋಬೆಲ್’ ಎಂದು ಕರೆದರು. 1995ರಲ್ಲಿ ಸರಕಾರ ಬಾಡಿಗೆಗೆ ತಂದ ದಕ್ಷಿಣ ಆಫ್ರಿಕಾದ ಖಾಸಗಿ ಪಡೆಯ ಕೆಲವೇ ನೂರು ಮಂದಿ ಬಂಡುಕೋರರನ್ನು ಕೋನೋದಿಂದ ಹೊರಗಟ್ಟಿದರು. ಎದುರಾಳಿ ಎಷ್ಟು ಸಣ್ಣವನಾಗಿದ್ದ, ಪ್ರಭುತ್ವ ಎಷ್ಟು ಟೊಳ್ಳಾಗಿತ್ತು ಎಂಬುದಕ್ಕೆ ನನಗೆ ಇದಕ್ಕಿಂತ ಗಟ್ಟಿ ಪುರಾವೆ ಕಾಣುವುದಿಲ್ಲ.

ಅನ್ಯಾಯ ಉಂಡವರೇ ದಂಗೆ ಏಳುತ್ತಾರೆ ಎಂಬ ನಿಮ್ಮ ಮಾತಿಗೆ ಬರುತ್ತೇನೆ. ಯುದ್ಧ ಮುಗಿದ ಮೇಲೆ ಸಂಶೋಧಕರಾದ ಮಕಾರ್ಟನ್ ಹಂಫ್ರೀಸ್ ಮತ್ತು ಜೆರೆಮಿ ವೈನ್‌ಸ್ಟೈನ್ ಸಾವಿರಕ್ಕೂ ಹೆಚ್ಚು ಮಾಜಿ ಹೋರಾಟಗಾರರನ್ನು ಮಾತಾಡಿಸಿದರು. ಆರ್‌ಯುಎಫ್‌ನಲ್ಲಿದ್ದವರ ಪೈಕಿ ಬಹುಪಾಲು ಜನ ತಮ್ಮನ್ನು ಅಪಹರಿಸಿ ಒಯ್ದರೆಂದರು. ಬಡತನ ಬಂಡುಕೋರರ ಕಡೆಗೆ ತಳ್ಳಿದಂತೆಯೇ ಅವರ ವಿರುದ್ಧದ ಪಡೆಯ ಕಡೆಗೂ ತಳ್ಳಿತ್ತು. ಹೀಗಾಗಿ ನಾಯಕನ ಭಾಷಣದಲ್ಲಿರುವ ಅನ್ಯಾಯದ ಮಾತನ್ನು ಹುಡುಗರ ಮನಸ್ಸಿನ ಕನ್ನಡಿ ಎಂದು ಹಿಡಿಯಬಾರದು.

ಆದರೂ ಅನ್ಯಾಯಕ್ಕೆ ಬೆಲೆ ಇಲ್ಲವೆಂದಲ್ಲ. ಹಳೆಯ ಲೆಕ್ಕಗಳು ಅಳೆದದ್ದು ವ್ಯಕ್ತಿ ವ್ಯಕ್ತಿಗಳ ನಡುವಿನ ಅಸಮಾನತೆಯನ್ನು. ಒಂದು ಇಡೀ ಸಮುದಾಯವನ್ನು ಅಧಿಕಾರದಿಂದ ಹೊರಗಿಟ್ಟಿದ್ದಾರೆಯೇ ಎಂದು ಲಾರ್ಸ್-ಎರಿಕ್ ಸೆಡರ್‌ಮನ್ ಮತ್ತು ಸಂಗಡಿಗರು ಅಳೆದಾಗ, ಯುದ್ಧದೊಂದಿಗೆ ಅದರ ನಂಟು ಸ್ಪಷ್ಟವಾಗಿ ಕಂಡಿತು.

ಕಾಸರಗೋಡಿನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ನಮ್ಮ ಕೊರಗು ನಿಜ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದೂ ಜಾರಿಯಾಗಲಿಲ್ಲ. ಆದರೆ ಇಲ್ಲಿ ಕನ್ನಡಿಗ ಮತ ಹಾಕುತ್ತಾನೆ, ಶಾಸಕನಾಗುತ್ತಾನೆ, ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಶಾಲೆಗೆ ನೇಮಿಸಿದರೆ ಕೋರ್ಟಿಗೆ ಹೋಗುತ್ತಾನೆ. ಠಾಣೆ, ತಾಲೂಕು ಕಚೇರಿ, ರಸ್ತೆ ಎಲ್ಲ ಕಡೆ ಇವೆ. ಕೊರಗಿಗೆ ಹೋಗಲು ದಾರಿಯಿದೆ. ಬಂದೂಕಿನ ಗುಂಪಿಗೆ ಅಡಗಲು ಜಾಗವಿಲ್ಲ.

ಇನ್ನು ಮುಂದೆ ಯಾವುದಾದರೂ ದೇಶದಲ್ಲಿ ದಂಗೆಯೆಂದು ಪತ್ರಿಕೆಯಲ್ಲಿ ಓದಿದರೆ, ಅಲ್ಲಿನ ಗಣಿಯ ಸುದ್ದಿಗಿಂತ ಮೊದಲು ಗಡಿಯ ಸೈನಿಕನಿಗೆ ಎಷ್ಟು ತಿಂಗಳ ಸಂಬಳ ಬಾಕಿಯಿದೆ ಎಂದು ಹುಡುಕಿ ನೋಡಿ.

— ಸಂಪಾದಕ